ತೊಗರಿಯ ಬಿಳಿ ಚುಕ್ಕೆ, ಬಿಸಿ ಚೀಲ, ನುಸಿ ಗುಳಿಗೆ

«ನಾಲ್ಕು ಕ್ವಿಂಟಲ್ ತೊಗರಿ ಮನೆಗೆ ಇಟ್ಟಿದ್ದೆ. ಎರಡು ದಿನ ಬಿಸಿಲಿಗೆ ಹಾಕಿ, ಸಂಜೆ ಬಿಸಿ ಇದ್ದಾಗಲೇ ಚೀಲ ತುಂಬಿ ಹೊಲಿದೆ. ಈಗ ಮುಗ್ಗಲು ವಾಸನೆ ಬರ್ತಿದೆ, ಕಾಳಿನ ಮೇಲೆ ಬಿಳಿ ಚುಕ್ಕೆ ಇವೆ. ಬೂಷ್ಟು ಅನ್ಸತ್ತೆ. ಗುಳಿಗೆ ಇಡಲಾ?»

ಹೀಗೆ ಕೇಳಿದ ಅಣ್ಣನಿಗೂ, ಅದಕ್ಕೆ ತಮ್ಮ ತಮ್ಮ ಸಲಹೆ ಬರೆದ ಉಳಿದವರಿಗೂ ನನ್ನ ಉತ್ತರ ಇದು. ಅಣ್ಣ, ನುಸಿ ಗುಳಿಗೆ ಬೇಡ. ಅದಕ್ಕಿಂತ ಮೊದಲು ಆ ಚುಕ್ಕೆಯನ್ನು ಉಗುರಿನಿಂದ ಕೆರೆದು ನೋಡಿ. ಬೂಷ್ಟಾದರೆ ಒರೆಸಿದಂತೆ ಹೋಗುತ್ತದೆ. ಗಟ್ಟಿಯಾಗಿ ಅಂಟಿಕೊಂಡು ಸಣ್ಣ ಉಬ್ಬಿನ ಹಾಗಿದ್ದರೆ ಅದು ಕಾಳು ಕೊರೆಯುವ ಹುಳದ ಮೊಟ್ಟೆ. ಹೊಸ ಮೊಟ್ಟೆ ನೀರಿನ ಹನಿಯ ಹಾಗೆ ಪಾರದರ್ಶಕ, ಕಣ್ಣಿಗೇ ಬೀಳುವುದಿಲ್ಲ. ಬೆಳ್ಳಗೆ ಕಂಡಿತು ಅಂದರೆ ಅದು ಒಡೆದು ಮರಿ ಆಗಲೇ ಕಾಳಿನ ಒಳಗೆ ಇಳಿದಿದೆ ಅಂತ ಅರ್ಥ. ಈಗ ಜರಡಿ ಹಿಡಿದರೆ ಹೊರಗಿನ ಹುಳ ಹೋದೀತು, ಒಳಗಿನದು ಹೋಗಲ್ಲ. ಈ ಹುಳ ಹೆಚ್ಚಾಗಿ ಮನೆಯಲ್ಲಿ ಹುಟ್ಟಿದ್ದಲ್ಲ, ಹೊಲದಲ್ಲಿ ಕಾಯಿ ಒಣಗುವಾಗಲೇ ಬಂದಿರುತ್ತದೆ.

ವಾಸನೆ ಬೇರೆ ಕತೆ. ಬಿಸಿ ಕಾಳು ತುಂಬಿದರೆ ರಾತ್ರಿ ಚೀಲದ ಅಂಚು ತಣ್ಣಗಾಗುತ್ತದೆ, ನಡುವೆ ಬಿಸಿ ಉಳಿಯುತ್ತದೆ. ಒಳಗಿನ ಹಸಿ ಹಬೆ ಅಂಚಿಗೆ ಬಂದು ಬೆವರುತ್ತದೆ. ನಮ್ಮ ಮನೆಯಲ್ಲೂ ಒಮ್ಮೆ ಇದೇ ಆಗಿ, ಬಾಯಿ ಹತ್ತಿರದ ಒಂದು ಗೇಣು ಕಾಳು ಗಂಟು ಕಟ್ಟಿತ್ತು. ಗಂಟು ಕಟ್ಟಿದ್ದನ್ನು ಒಣಗಿಸಿ ಬೆರೆಸಬೇಡಿ, ದನಕ್ಕೂ ಹಾಕಬೇಡಿ.

ಇನ್ನು ಗುಳಿಗೆ. ಅದರ ಗಾಳಿ ಮನುಷ್ಯರನ್ನೂ ಕೊಲ್ಲುತ್ತದೆ, ಮಲಗುವ ಮನೆಯಲ್ಲಿ ಇಡುವ ವಸ್ತುವೇ ಅಲ್ಲ. ಪರವಾನಗಿ ಇದ್ದವರು ಮಾತ್ರ ಬಳಸಬೇಕು ಅಂತ ನಿಯಮವೇ ಇದೆ. ಅಂಗಡಿಯವನು ಪುಡಿಕೆ ಕಟ್ಟಿ ಕೊಡ್ತಾನೆ ಅಂತ ತರಬೇಡಿ. ಅಲ್ಲದೆ ನೇಯ್ದ ಚೀಲದಲ್ಲಿ ಗಾಳಿ ನಿಲ್ಲಲ್ಲ. ಮೇಲಿನ ಹುಳ ಸತ್ತು ಒಳಗಿನದು ಉಳಿಯುತ್ತದೆ.

ನನಗೆ ಕೆಲಸ ಮಾಡಿದ್ದು ಇದು. ಮೊದಲು ಪೂರ್ತಿ ಒಣಗಿಸಿ. ಎರಡು ದಿನ ಅನ್ನುವುದು ಲೆಕ್ಕವಲ್ಲ, ಹಲ್ಲಿಗೆ ಕೊಟ್ಟರೆ ಕಟ್ ಅಂತ ಒಡೆಯಬೇಕು. ಗಾಜಿನ ಬಾಟಲಿಯಲ್ಲಿ ಕಾಳಿನ ಜೊತೆ ಒಣ ಉಪ್ಪು ಹಾಕಿ ಅಲ್ಲಾಡಿಸುವ ಪರೀಕ್ಷೆ ಒಬ್ಬರು ಹೇಳಿದ್ದಾರೆ. ಅರ್ಧ ಸರಿ. ಉಪ್ಪು ಗಾಜಿಗೆ ಅಂಟಿದರೆ ತೇವ ಸುಮಾರು ಶೇಕಡಾ 15ಕ್ಕಿಂತ ಜಾಸ್ತಿ ಅಂತ ಗೊತ್ತಾಗುತ್ತದೆ, ಅಂಟದಿದ್ದರೆ ತೊಗರಿಗೆ ಸಾಕು ಅಂತಲ್ಲ. ಖರೀದಿ ಕೇಂದ್ರದವರೇ 12 ದಾಟಿದರೆ ಬೇಡ ಅಂತಾರೆ. ವರ್ಷ ಇಡುವವರಿಗೆ 10ರ ಆಸುಪಾಸಿಗೆ ಇಳಿಯಬೇಕು.

ಒಣಗಿದ ಮೇಲೆ ಒಳಗಿನ ಮರಿಗೆ ಬಿಸಿ ಕೊಡಿ. ಗೋಣಿ ಹಾಸಿ ಅದರ ಮೇಲೆ ಕಪ್ಪು ಪ್ಲಾಸ್ಟಿಕ್ ಹಾಳೆ, ಮೇಲೆ ಕಾಳು ಎರಡು ಬೆರಳು ದಪ್ಪಕ್ಕಿಂತ ಜಾಸ್ತಿ ಬೇಡ, ಅದರ ಮೇಲೆ ಪಾರದರ್ಶಕ ಹಾಳೆ, ಸುತ್ತ ಕಲ್ಲು. ಮೋಡ ಇಲ್ಲದ ನಡುಮಧ್ಯಾಹ್ನ. ಒಳಗೆ 60 ಡಿಗ್ರಿ ದಾಟಿದರೆ ಮೊಟ್ಟೆ, ಮರಿ ಎಲ್ಲ ಸಾಯುತ್ತವೆ. ಹಸಿ ಕಾಳಿಗೆ ಇದನ್ನು ಮಾಡಿದರೆ ಹಾಳೆಯ ಕೆಳಗೆ ನೀರೇ ಇಳಿಯುತ್ತದೆ, ಆಗ ನಿಲ್ಲಿಸಿ. ಹಾಳೆ ತೂತಾಗಿದ್ದರೂ, ಬಿಸಿಲು ಮಂಕಾಗಿದ್ದರೂ ಫಲವಿಲ್ಲ. ಬಿತ್ತನೆ ಬೀಜಕ್ಕೆ ನಾನು ಮಾಡಲ್ಲ, ಮಾಡುವವರು ಮೊಳಕೆ ನೋಡಿಕೊಂಡೇ ಮಾಡಿ.

ಆಮೇಲೆ ನೆರಳಲ್ಲಿ ಹರಡಿ, ಕೈಗೆ ತಣ್ಣಗೆ ತಗಲುವವರೆಗೆ ಬಿಟ್ಟು ತುಂಬಿ. ರಾತ್ರಿ ಬಯಲಲ್ಲಿ ಬಿಡಬೇಡಿ, ಇಬ್ಬನಿ ಕುಡಿಯುತ್ತದೆ. ಗಾಳಿಯಾಡದ ಮೂರು ಪದರದ ಚೀಲ ಸಿಗುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಆಫ್ರಿಕಾದ ಅಲಸಂದೆಗಾಗಿ ಮಾಡಿದ ಪದ್ಧತಿ ಅದು. ಒಳಗೆ ಎರಡು ದಪ್ಪ ಪ್ಲಾಸ್ಟಿಕ್ ಚೀಲ, ಹೊರಗೆ ನೇಯ್ದದ್ದು. ಒಂದೊಂದು ಪದರದ ಗಾಳಿಯನ್ನೂ ಒತ್ತಿ ತೆಗೆದು, ಬಾಯಿ ತಿರುಚಿ, ಮಡಚಿ, ಬೇರೆ ಬೇರೆ ಕಟ್ಟಬೇಕು. ಉಳಿದ ಹುಳ ಒಳಗಿನ ಉಸಿರು ಮುಗಿಸಿ ತಾನೇ ಸಾಯುತ್ತದೆ. ನಡುವೆ ಬಿಚ್ಚಿ ನೋಡುವವರಿಗೆ ಇದು ಆಗಿಬರಲ್ಲ! ಹೆಸರಿಲ್ಲದ ಅಗ್ಗದ ಚೀಲ ತಂದರೆ ಊದಿ, ಬಾಯಿ ಹಿಡಿದು ಒತ್ತಿ ನೋಡಿ, ಸುಯ್ ಅಂದರೆ ವಾಪಸ್ ಕೊಡಿ. ಇಲಿ ಇರುವ ಮನೆಗೆ ಈ ಚೀಲ ದಂಡ, ತಗಡಿನ ಡಬ್ಬಿಯೇ ಮೇಲು.

ತುಂಬುವ ಮುಂಚೆ ಒಂದು ಹಿಡಿ ಕಾಳು ಗಾಜಿನ ಬಾಟಲಿಯಲ್ಲಿಟ್ಟು ಬಟ್ಟೆ ಕಟ್ಟಿಡಿ. ತಿಂಗಳಲ್ಲಿ ಹುಳ ಹೊರಬಂದರೆ ಬಿಸಿ ಸಾಲಲಿಲ್ಲ ಅಂತ.

ಬೇವಿನ ಸೊಪ್ಪು ಹಾಕಿ ಅಂದವರಿಗೆ: ಬರುವ ಹುಳವನ್ನು ಅಷ್ಟಿಷ್ಟು ತಡೆದೀತು, ಒಳಗಿನದನ್ನು ಅಲ್ಲ. ಹಸಿ ಸೊಪ್ಪು ಹಾಕಿ ತೇವ ಸೇರಿಸುವವರೇ ಜಾಸ್ತಿ. ಹಿರಿಯರೊಬ್ಬರು ಕೆಮ್ಮಣ್ಣು ಲೇಪ ಅಂದರು, ಇನ್ನೊಬ್ಬರು ಹರಳೆಣ್ಣೆ ಅಂದರು. ಎರಡೂ ಮೊಟ್ಟೆ ಅಂಟುವುದನ್ನು ತಡೆಯುವ ಕೆಲಸ. ಮಾರುವ ಕಾಳಿಗೆ ಯಾವುದೂ ಬೇಡ, ಮನೆಗಾದರೆ ನಿಮ್ಮ ನಿಮ್ಮ ಇಷ್ಟ. ನನ್ನದು ಎಣ್ಣೆ, ಆ ಹಿರಿಯರು ಒಪ್ಪಲ್ಲ.

ಅಕ್ಕಿ ನುಸಿ ಬಗ್ಗೆ ಬರೆದ ಅಕ್ಕನಿಗೆ: ಅದು ಬೇರೆ ಹುಳ. ಅಕ್ಕಿಗೆ ಹಾಕಿದ ಮದ್ದನ್ನು ತೊಗರಿಗೆ ಹೇಳಬೇಡಿ.

ಹಳೆ ಗೋಣಿಚೀಲಕ್ಕೆ ಹೊಸ ಕಾಳು ಹಾಕುವವರೇ, ಒಳಗನ್ನು ಹೊರಗೆ ಮಾಡಿ ಕುದಿಯುವ ನೀರಲ್ಲಿ ಅದ್ದಿ, ಒಣಗಿಸಿ ಹಾಕಿ. ಹಮಾಲಿಯವರು ಕೊಕ್ಕೆ ಹಾಕಲು ಬಿಡಬೇಡಿ. ಒಕ್ಕುವ ಯಂತ್ರದವರಿಗೆ ಡ್ರಮ್ಮಿನ ವೇಗ ಇಳಿಸಲು ಹೇಳಿ, ಒಡಕು ಜಾಸ್ತಿಯಾದರೆ ಹಿಟ್ಟಿನ ಹುಳಕ್ಕೆ ದಾರಿ. ಅದು ಇಡೀ ಕಾಳನ್ನು ಮುಟ್ಟಲ್ಲ, ಒಡಕನ್ನು ಬಿಡಲ್ಲ. ಆದ್ದರಿಂದ ಒಡಕನ್ನು ಜರಡಿ ಹಿಡಿದು ಬೇರೆ ಮಾಡಿ, ಮೊದಲು ಬೇಳೆಗೆ ಹಾಕಿ ಮುಗಿಸಿ.