‘ಯೆಟ್’ ಇದ್ದಲ್ಲೆಲ್ಲ ತಿರುವು ಇರುವುದಿಲ್ಲ

ಪ್ರಶ್ನೆ: ಸರ್, ನಾನು ಬಿ.ಎ. ಎರಡನೇ ವರ್ಷ, ಆಪ್ಷನಲ್ ಇಂಗ್ಲಿಷ್. ಸಾನೆಟ್ ಅಂದ್ರೆ 14 ಸಾಲು, ಎಂಟು ಸಾಲಾದ ಮೇಲೆ ತಿರುವು ಅಂತ ನೋಟ್ಸ್‌ನಲ್ಲಿದೆ. ಷೇಕ್ಸ್‌ಪಿಯರ್‌ನ 130ನೇ ಸಾನೆಟ್‌ನ ಒಂಬತ್ತನೇ ಸಾಲಲ್ಲಿ ‘ಯೆಟ್’ ಇದೆ. ಅದೇ ತಿರುವು ಅಂತ ಟೆಸ್ಟ್‌ನಲ್ಲಿ ಬರೆದೆ, ಮಾರ್ಕ್ಸ್ ಹೋಯ್ತು. ಪ್ರಾಸದ ಅಕ್ಷರಗಳೂ ತಪ್ಪಂತೆ. ಎಲ್ಲಿ ಎಡವಿದೆ?
— ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ನಿಮ್ಮ ನೋಟ್ಸ್ ಸುಳ್ಳು ಹೇಳಿಲ್ಲ, ಅರ್ಧ ಹೇಳಿದೆ ಅಷ್ಟೇ. ಎಂಟು ಸಾಲಿನ ನಂತರ ತಿರುವು ಅನ್ನೋದು ಇಟಲಿಯ ಸಾನೆಟ್‌ನ ಮಾತು. 14ನೇ ಶತಮಾನದ ಇಟಲಿಯ ಕವಿ ಪೆಟ್ರಾರ್ಕ್ ಬರೆದದ್ದು ಈ ಬಗೆ. ಒಂದೇ ಸದ್ದಿನಲ್ಲಿ ಮುಗಿಯುವ ಸಾಲುಗಳಿಗೆ ಒಂದೇ ಅಕ್ಷರ ಹಾಕಿದರೆ, ಮೊದಲ ಎಂಟು ಸಾಲಿಗೆ ಎರಡೇ ಪ್ರಾಸ: ಎಬಿಬಿಎ, ಎಬಿಬಿಎ. ಒಂಬತ್ತನೇ ಸಾಲಿಗೆ ಬಂದಾಗ ಹೊಸ ಪ್ರಾಸ ಶುರುವಾಗುತ್ತೆ, ಹೆಚ್ಚಾಗಿ ಸಿಡಿಇ ಸಿಡಿಇ ಅಂತ. ಹಾಗಾಗಿ ಅರ್ಥ ತಿರುಗುವ ಜಾಗದಲ್ಲೇ ಸದ್ದೂ ಬದಲಾಗುತ್ತೆ, ಕಿವಿಗೇ ಗೊತ್ತಾಗುತ್ತೆ.

ಇಟಾಲಿಯನ್ ಪದಗಳು ಬಹುತೇಕ ಸ್ವರದಲ್ಲಿ ಮುಗಿಯುವುದರಿಂದ ಅಲ್ಲಿ ಪ್ರಾಸಕ್ಕೆ ಬರವಿಲ್ಲ. ಇಂಗ್ಲಿಷ್‌ನಲ್ಲಿ ಅಷ್ಟು ಸಲೀಸಲ್ಲ. 16ನೇ ಶತಮಾನದಲ್ಲಿ ವಯಟ್ ಅನ್ನೋ ಕವಿ ಸಾನೆಟ್ ಅನ್ನು ಇಂಗ್ಲಿಷಿಗೆ ತಂದ. ಅವನ ಹಿಂದೆಯೇ ಬಂದ ಸರೆ ಅನ್ನೋ ಕವಿ ಪ್ರಾಸವನ್ನು ಸಡಿಲ ಮಾಡಿದ. ನಾಲ್ಕು ನಾಲ್ಕು ಸಾಲಿನ ಮೂರು ಕಟ್ಟು, ಕೊನೆಗೆ ಜೋಡಿ ಸಾಲು: ಎಬಿಎಬಿ, ಸಿಡಿಸಿಡಿ, ಇಎಫ್‌ಇಎಫ್, ಜಿಜಿ. ಒಟ್ಟು ಏಳು ಪ್ರಾಸ. ಷೇಕ್ಸ್‌ಪಿಯರ್ ಹಿಡಿದದ್ದು ಇದನ್ನೇ.

ಈಗ 130ಕ್ಕೆ ಬನ್ನಿ. ಸಾಲುಗಳ ಕೊನೆಯ ಪದಗಳನ್ನಷ್ಟೇ ಜೋರಾಗಿ ಓದಿ: ಸನ್, ರೆಡ್, ಡನ್, ಹೆಡ್. ಆಮೇಲೆ ವೈಟ್, ಚೀಕ್ಸ್, ಡಿಲೈಟ್, ರೀಕ್ಸ್. ‘ರೆಡ್’ಗೂ ‘ಹೆಡ್’ಗೂ ಸ್ಪೆಲಿಂಗ್ ಬೇರೆ, ‘ವೈಟ್’ಗೂ ‘ಡಿಲೈಟ್’ಗೂ ಬೇರೆ. ನೀವು ಸ್ಪೆಲಿಂಗ್ ನೋಡಿ ಬೇರೆ ಬೇರೆ ಅಕ್ಷರ ಹಾಕಿರಬೇಕು. ಬಹಳ ಜನ ಎಡವುವುದು ಅಲ್ಲೇ. ಪ್ರಾಸ ನಿಲ್ಲುವುದು ಸದ್ದಿನ ಮೇಲೆ. ಇನ್ನೊಂದು ವಿಷಯ: ನಮ್ಮ ಹಳಗನ್ನಡ ಪದ್ಯಗಳಲ್ಲಿ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ ಕೂರುತ್ತೆ. ಆ ಅಭ್ಯಾಸದಲ್ಲಿ ಸಾಲಿನ ಶುರುವಿನಲ್ಲಿ ಹುಡುಕಬೇಡಿ, ಸಾನೆಟ್‌ನಲ್ಲಿ ಅದು ಇರುವುದು ಬಾಲದಲ್ಲಿ.

ಇನ್ನು ತಿರುವು. ಕವಿತೆ ಏನು ಮಾಡುತ್ತಿದೆ ನೋಡಿ. ನನ್ನ ಹುಡುಗಿಯ ಕಣ್ಣು ಸೂರ್ಯನ ಹಾಗಿಲ್ಲ. ಅವಳ ತುಟಿಗಿಂತ ಹವಳ ಕೆಂಪು. ತಲೆಕೂದಲು ಕರಿ ತಂತಿ. ಕೆನ್ನೆಯಲ್ಲಿ ಗುಲಾಬಿ ಕಾಣಲಿಲ್ಲ. ಅವಳ ಉಸಿರಿಗಿಂತ ಅತ್ತರೇ ವಾಸಿ. ಒಂದಾದ ಮೇಲೊಂದು ‘ಅಲ್ಲ, ಅಲ್ಲ’. ಒಂಬತ್ತನೇ ಸಾಲಿನಲ್ಲಿ ‘ಅವಳು ಮಾತಾಡೋದು ಕೇಳಲು ನನಗಿಷ್ಟ’ ಅನ್ನುತ್ತಾನೆ. ಆಮೇಲೆ ನೀವು ಗುರುತು ಹಾಕಿದ ‘ಯೆಟ್’ ಬರುತ್ತೆ. ಅದು ಏನು ತರುತ್ತೆ? ‘ಆದ್ರೂ ಸಂಗೀತ ಇದಕ್ಕಿಂತ ಇಂಪು ಅಂತ ನನಗೆ ಗೊತ್ತು.’ ಅಂದ್ರೆ ಮತ್ತೆ ಅದೇ ‘ಅಲ್ಲ’! ಪದ ‘ಆದ್ರೂ’ ಅಂದರೂ ಬಂಡಿ ಹೋಗುತ್ತಿರುವುದು ಅದೇ ದಾರಿಯಲ್ಲಿ. ಹನ್ನೆರಡನೇ ಸಾಲಿನಲ್ಲೂ ಅವಳು ದೇವತೆಯ ಹಾಗೆ ತೇಲುವುದಿಲ್ಲ, ನೆಲದ ಮೇಲೆ ಹೆಜ್ಜೆ ಊರಿ ನಡೆಯುತ್ತಾಳೆ.

ಬಂಡಿ ಹೊರಳುವುದು ಹದಿಮೂರನೇ ಸಾಲಿನಲ್ಲಿ, ‘ಆ್ಯಂಡ್ ಯೆಟ್’ ಅಂದಾಗ. ಸುಳ್ಳು ಹೋಲಿಕೆಗಳಲ್ಲಿ ಹೊಗಳಿಸಿಕೊಂಡ ಯಾವ ಹೆಣ್ಣಿಗೂ ನನ್ನವಳು ಕಡಿಮೆಯಿಲ್ಲ, ದೇವರಾಣೆ ಅನ್ನುತ್ತಾನೆ. ಈ ಎರಡು ಸಾಲನ್ನು ಕೈಯಿಂದ ಮುಚ್ಚಿ ಓದಿ. ಉಳಿಯುವುದು ಬರೀ ಬೈಗುಳ. ಕೈ ತೆಗೆದರೆ ಆ ಹನ್ನೆರಡು ಸಾಲೂ ಅವಳಿಗಲ್ಲ, ಸೂರ್ಯ, ಹವಳ ಅಂತ ಬೆಣ್ಣೆ ಹಚ್ಚುವ ಕವಿಗಳಿಗೆ ಹೊಡೆದದ್ದು ಅಂತ ತಿಳಿಯುತ್ತೆ. ಹಿಂದೆ ಓದಿದ್ದರ ಅರ್ಥವನ್ನೇ ಬದಲಿಸಿದರೆ ಅದು ತಿರುವು.

ಹಾಗಂತ ಒಂಬತ್ತನೇ ಸಾಲಿನಲ್ಲಿ ಏನೂ ಇಲ್ಲ ಅಂತಲ್ಲ. ‘ಇಷ್ಟ’ ಅನ್ನೋ ಮಾತು ಮೊದಲು ಬರುವುದು ಅಲ್ಲೇ, ದನಿ ಕೊಂಚ ಮೆತ್ತಗಾಗುತ್ತೆ. ನೀವು ‘ಯೆಟ್’ ತೋರಿಸುವ ಬದಲು ಅದನ್ನು ಬರೆದಿದ್ದರೆ ನಾನಂತೂ ಅರ್ಧ ಮಾರ್ಕ್ಸ್ ಕೊಡುತ್ತಿದ್ದೆ.

ಹಾಗಾದರೆ ಷೇಕ್ಸ್‌ಪಿಯರ್‌ನ ತಿರುವು ಯಾವಾಗಲೂ ಕೊನೆಯ ಜೋಡಿಯಲ್ಲೇ ಅಂತ ಉರು ಹೊಡೆಯಬೇಡಿ. 18ನೇ ಸಾನೆಟ್ ತೆಗೆಯಿರಿ. ಪ್ರಿಯ ವ್ಯಕ್ತಿಯನ್ನು ಬೇಸಿಗೆಯ ದಿನಕ್ಕೆ ಹೋಲಿಸಲೇ ಅಂತ ಕೇಳುವ ಕವಿತೆ ಅದು. (ಇಂಗ್ಲೆಂಡಿನ ಬೇಸಿಗೆ ಅನ್ನೋದು ನೆನಪಿರಲಿ. ಏಪ್ರಿಲ್‌ನಲ್ಲಿ ದುರ್ಗದ ಬಂಡೆ ಮೇಲೆ ನಿಂತು ಯಾರಿಗಾದರೂ ಹಾಗಂದರೆ ಜಗಳ ಆಗುತ್ತೆ.) ಎಂಟು ಸಾಲು ಬೇಸಿಗೆಯ ಕುಂದುಕೊರತೆ ಹೇಳಿ, ಒಂಬತ್ತರಲ್ಲಿ ‘ಬಟ್’: ನಿನ್ನ ಬೇಸಿಗೆ ಮಾತ್ರ ಬಾಡುವುದಿಲ್ಲ. ಪ್ರಾಸ 130ರದ್ದೇ, ತಿರುವಿನ ಜಾಗ ಪೆಟ್ರಾರ್ಕ್‌ನದು. ಪ್ರಾಸ ನೋಡಿ ತಿರುವು ಇಲ್ಲೇ ಅಂತ ಊಹಿಸಬಹುದು, ಖಚಿತ ಮಾಡಲು ಅರ್ಥವನ್ನೇ ಓದಬೇಕು. 18ರಲ್ಲೂ ಕೊನೆಯ ಎರಡು ಸಾಲನ್ನು ಕೈಯಿಂದ ಮುಚ್ಚಿ ನೋಡಿ. 130ರ ಹಾಗೆ ಕವಿತೆ ತಲೆಕೆಳಗಾಗುವುದಿಲ್ಲ.