ಮುತ್ತಿರುವ ಜುಮುಕಿಗೆ ಸೋಪಿನ ನೀರು

"ಅಮ್ಮನ ಕೆಂಪು ಕಲ್ಲಿನ ಚಿನ್ನದ ಜುಮುಕಿ ಮಂಕಾಗಿದೆ, ಕೆಳಗೆ ಮುತ್ತಿದೆ. ಸೋಪಿನ ನೀರಲ್ಲಿ ನೆನೆಸಬಹುದಾ?"

ನೆನೆಸಬೇಡಿ. ಮೊದಲು ಕಲ್ಲಿನ ಹಿಂಭಾಗ ನೋಡಿ. ಅಲ್ಲಿ ಚಿನ್ನದ ತಗಡು ಮುಚ್ಚಿದ್ದರೆ, ಹೊಳಪಿಗೆಂದು ಕಲ್ಲಿನಡಿ ತೆಳು ಹಾಳೆ ಇಟ್ಟಿರಬಹುದು. ನೀರು ಒಳಗಿಳಿದರೆ ಅದು ಕಪ್ಪಾಗುತ್ತದೆ, ಮತ್ತೆ ಕಲ್ಲು ಬಿಚ್ಚಿಸಬೇಕು. ಅಂಥದ್ದಕ್ಕೆ ಒಣ ಮೆತ್ತನೆ ಬಟ್ಟೆಯೇ ಸಾಕು.

ಹಿಂಭಾಗ ತೆರೆದಿದ್ದು, ಕಲ್ಲು ಮಾಣಿಕ್ಯವೇ ಆಗಿದ್ದರೆ, ಒಂದು ಬಟ್ಟಲು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ. ಮಕ್ಕಳ ಮೆತ್ತನೆ ಬ್ರಷ್ಷನ್ನು ಅದರಲ್ಲಿ ಅದ್ದಿ, ಚಿನ್ನ ಮತ್ತು ಕಲ್ಲನ್ನು ಮಾತ್ರ ಉಜ್ಜಿ, ಒದ್ದೆ ಬಟ್ಟೆಯಿಂದ ಸೋಪು ತೆಗೆಯಿರಿ. ಮಂಕಿಗೆ ಕಾರಣ ಬಹುಪಾಲು ಹಿಂಭಾಗದಲ್ಲಿ ಕೂತ ಎಣ್ಣೆ ಜಿಡ್ಡೇ.

ಮುತ್ತನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಅಷ್ಟೇ. ಹವಳವೂ ಹಾಗೆಯೇ. ಪಚ್ಚೆಯ ಬಿರುಕಿಗೆ ಸಾಮಾನ್ಯವಾಗಿ ಎಣ್ಣೆ ತುಂಬಿರುತ್ತಾರೆ. ಬಿಸಿ ಸೋಪುನೀರಿಗೆ ಅದು ಹೊರಬಂದು ಬಿರುಕು ಎದ್ದುಕಾಣುತ್ತದೆ.