ಮಾಲೀಕರು ಪ್ಯಾನ್ ಕೊಡದಿದ್ದರೆ ಎಚ್‌ಆರ್‌ಎ ವಿನಾಯಿತಿ ಕೈತಪ್ಪುತ್ತದೆಯೇ?

ಪ್ರಶ್ನೆ: ನಾನು ಬೆಂಗಳೂರಿನ ಖಾಸಗಿ ಕಂಪನಿಯೊಂದರ ಉದ್ಯೋಗಿ. ತಿಂಗಳಿಗೆ ಮೂಲ ವೇತನ 75,000, ಎಚ್‌ಆರ್‌ಎ 30,000, ಇತರ ಭತ್ಯೆ 45,000 ರೂಪಾಯಿ. 2025ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 28,000 ರೂಪಾಯಿ ಬಾಡಿಗೆಯ ಮನೆಯಲ್ಲಿದ್ದೆ, ಅಕ್ಟೋಬರ್‌ನಿಂದ 40,000 ರೂಪಾಯಿಯ ಮನೆಗೆ ಬಂದಿದ್ದೇನೆ. ಮೈಸೂರಿನಲ್ಲಿ ತಂದೆ-ತಾಯಿ ಇರುವ ಮನೆ ನನ್ನ ಹೆಸರಿನಲ್ಲಿದ್ದು, ಅದರ ಸಾಲದ ಬಡ್ಡಿ ವರ್ಷಕ್ಕೆ 2 ಲಕ್ಷ ದಾಟುತ್ತದೆ. ಹಳೆಯ ತೆರಿಗೆ ಪದ್ಧತಿಯನ್ನೇ ಆರಿಸಿಕೊಂಡಿದ್ದೇನೆ. ಕಂಪನಿಯವರು ಕರಾರು ಪತ್ರ, ರಸೀದಿ ಮತ್ತು ಮಾಲೀಕರ ಪ್ಯಾನ್ ಕೇಳುತ್ತಿದ್ದಾರೆ. ಈಗಿನ ಮಾಲೀಕರು ಪ್ಯಾನ್ ಕೊಡಲು ಒಪ್ಪುತ್ತಿಲ್ಲ. ಬಾಡಿಗೆಯನ್ನೂ ಮಗನ ಖಾತೆಗೆ ಹಾಕಿಸಿಕೊಳ್ಳುತ್ತಾರೆ. ನಾನು ಏನು ಮಾಡಬೇಕು?

ಉತ್ತರ: ಪ್ಯಾನ್ ವಿಷಯಕ್ಕೆ ಬರುವ ಮೊದಲು ಒಂದು ಲೆಕ್ಕ ಮಾಡಿಬಿಡೋಣ. ಎಷ್ಟು ಹಣಕ್ಕಾಗಿ ಮಾಲೀಕರ ಮನವೊಲಿಸಬೇಕಾಗಿದೆ ಎಂಬುದು ತಿಳಿದಿದ್ದರೆ ಮಾತುಕತೆಯೂ ಸುಲಭವಾಗುತ್ತದೆ.

2025-26ರ ಆರ್ಥಿಕ ವರ್ಷಕ್ಕೆ ಅನ್ವಯಿಸುವುದು 1961ರ ಆದಾಯ ತೆರಿಗೆ ಕಾಯ್ದೆಯ 10(13ಎ) ಸೆಕ್ಷನ್ ಮತ್ತು ಅದರ ನಿಯಮ 2ಎ. ಕೈಗೆ ಬಂದ ಎಚ್‌ಆರ್‌ಎ ಒಂದು, ಕೊಟ್ಟ ಬಾಡಿಗೆಯಲ್ಲಿ ವೇತನದ ಶೇ 10ನ್ನು ಕಳೆದು ಉಳಿದದ್ದು ಇನ್ನೊಂದು, ವೇತನದ ಶೇ 40 ಮತ್ತೊಂದು; ಈ ಮೂರರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ ಮಾತ್ರ ವಿನಾಯಿತಿ. ಮುಂಬೈ, ದೆಹಲಿ, ಕೋಲ್ಕತ್ತ ಮತ್ತು ಚೆನ್ನೈನಲ್ಲಿ ವಾಸಿಸುವವರಿಗೆ ಶೇ 40ರ ಬದಲು ಶೇ 50 ಸಿಗುತ್ತದೆ. ಬಾಡಿಗೆಯಲ್ಲಿ ಆ ಊರುಗಳಿಗೆ ಸರಿಸಾಟಿಯಾಗಿ ನಿಂತಿರುವ ಬೆಂಗಳೂರು 2025-26ರ ಈ ನಿಯಮದ ಕಣ್ಣಿಗೆ ಮಾತ್ರ ಸಣ್ಣ ಊರೇ. ವೇತನ ಎಂದರೆ ಇಲ್ಲಿ ಮೂಲ ವೇತನ, ಜೊತೆಗೆ ನಿವೃತ್ತಿ ಸೌಲಭ್ಯಗಳ ಲೆಕ್ಕಕ್ಕೆ ಸೇರುವ ತುಟ್ಟಿಭತ್ಯೆ. ನಿಮ್ಮ ಇತರ ಭತ್ಯೆ ಇದರಲ್ಲಿ ಸೇರುವುದಿಲ್ಲ.

ಮೊದಲ ಆರು ತಿಂಗಳು ನಿಮ್ಮ ಬಾಡಿಗೆ 28,000. ಮೂಲ ವೇತನದ ಶೇ 10 ಆದ 7,500ನ್ನು ಕಳೆದರೆ 20,500 ಉಳಿಯುತ್ತದೆ. ಮೂರರಲ್ಲಿ ಇದೇ ಕಡಿಮೆಯಾದ್ದರಿಂದ ಆರು ತಿಂಗಳಿಗೆ ವಿನಾಯಿತಿ 1,23,000. ಅಕ್ಟೋಬರ್‌ನಿಂದ 40,000ದಲ್ಲಿ 7,500 ಕಳೆದರೆ 32,500 ಆಗುತ್ತದೆ, ಆದರೆ ಎಚ್‌ಆರ್‌ಎ ಮತ್ತು ವೇತನದ ಶೇ 40 ಎರಡೂ 30,000 ಇರುವುದರಿಂದ ವಿನಾಯಿತಿ ಅಲ್ಲಿಗೇ ನಿಲ್ಲುತ್ತದೆ. ಹೀಗೆ ಎರಡನೆಯ ಆರು ತಿಂಗಳಿಗೆ 1,80,000, ವರ್ಷಕ್ಕೆ ಒಟ್ಟು 3,03,000. ವರ್ಷದ ಬಾಡಿಗೆಯನ್ನೆಲ್ಲ ಕೂಡಿಸಿ ಒಂದೇ ಸಲ ಲೆಕ್ಕ ಹಾಕಿದವರಿಗೆ 3,18,000 ಬರುತ್ತದೆ, ಅದು ತಪ್ಪು. ಬಾಡಿಗೆ, ವೇತನ ಅಥವಾ ಊರು ನಡುವರ್ಷದಲ್ಲಿ ಬದಲಾದಾಗ ಆಯಾ ಅವಧಿಯನ್ನು ಬೇರೆಯಾಗಿಯೇ ಲೆಕ್ಕ ಹಾಕಬೇಕು. ನಿಮ್ಮ ವೇತನಕ್ಕೆ 37,500 ದಾಟಿದ ಬಾಡಿಗೆಯಿಂದ ತೆರಿಗೆಯಲ್ಲಿ ಚಿಕ್ಕಾಸಿನ ಲಾಭವೂ ಇಲ್ಲವೆಂಬುದನ್ನು ಇದರಿಂದಲೇ ಗಮನಿಸಬಹುದು. ಆದ್ದರಿಂದ ಅಪಾರ್ಟ್‌ಮೆಂಟ್ ಸಂಘಕ್ಕೆ ಕಟ್ಟುವ ನಿರ್ವಹಣಾ ಶುಲ್ಕವನ್ನು ಬಾಡಿಗೆಗೆ ಸೇರಿಸಿ ತೋರಿಸುವ ಆಸೆ ಬೇಡ. ಅದು ಬಾಡಿಗೆಯೂ ಅಲ್ಲ, ನಿಮಗೆ ಅದರ ಅಗತ್ಯವೂ ಇಲ್ಲ.

ಈ 3,03,000 ನಿಮ್ಮ ಮಟ್ಟಿಗೆ ಎಷ್ಟು ಮುಖ್ಯ ಎಂಬುದನ್ನು ನೋಡಿ. ವರ್ಷದ ಸಂಬಳ 18 ಲಕ್ಷ. ಹೊಸ ಪದ್ಧತಿಯಲ್ಲಿ 75,000ದ ಪ್ರಮಾಣಿತ ಕಡಿತ ಮಾತ್ರ ಸಿಕ್ಕಿ ಸೆಸ್ ಸೇರಿ ತೆರಿಗೆ 1,50,800 ಆಗುತ್ತದೆ. ಅಲ್ಲಿ ಎಚ್‌ಆರ್‌ಎ ವಿನಾಯಿತಿ ಇಲ್ಲ. ಹಳೆಯ ಪದ್ಧತಿಯಲ್ಲಿ ಪ್ರಮಾಣಿತ ಕಡಿತ 50,000, 80ಸಿ ಅಡಿಯಲ್ಲಿ 1.5 ಲಕ್ಷ, ಮೈಸೂರು ಮನೆಯ ಬಡ್ಡಿ 2 ಲಕ್ಷ ಮತ್ತು ಆರೋಗ್ಯ ವಿಮೆಗೆ 25,000 ಎಂದು ಇಟ್ಟುಕೊಂಡು ಪೂರ್ತಿ ಎಚ್‌ಆರ್‌ಎ ವಿನಾಯಿತಿಯೂ ಸಿಕ್ಕರೆ ತೆರಿಗೆ 1,39,464ಕ್ಕೆ ಇಳಿಯುತ್ತದೆ. ಈಗಿನ ಮನೆಯ 1,80,000 ಕೈಬಿಟ್ಟುಹೋದರೆ ಅದೇ ತೆರಿಗೆ 1,95,624ಕ್ಕೆ ಏರುತ್ತದೆ. ಅಂದರೆ ಮಾಲೀಕರ ಪ್ಯಾನ್ ಒಂದರ ಮೇಲೆಯೇ ನಿಮ್ಮ ಹಳೆಯ ಪದ್ಧತಿಯ ಆಯ್ಕೆ ನಿಂತಿದೆ. ಉದ್ಯೋಗಕ್ಕಾಗಿ ಬೇರೆ ಊರಿನಲ್ಲಿ ಬಾಡಿಗೆಗೆ ಇರುವವರು ಸ್ವಂತ ಊರಿನ ಮನೆಯ ಬಡ್ಡಿಯನ್ನೂ ಎಚ್‌ಆರ್‌ಎಯನ್ನೂ ಒಟ್ಟಿಗೆ ಕೇಳಬಹುದು, ಆ ಬಗ್ಗೆ ಚಿಂತೆ ಬೇಡ.

ಈಗ ಪ್ಯಾನ್. ಉದ್ಯೋಗದಾತರು ಟಿಡಿಎಸ್ ಕಡಿತ ಮಾಡುವಾಗ ನಿಮ್ಮಿಂದ ಫಾರ್ಮ್ 12ಬಿಬಿ ಪಡೆಯಬೇಕು. ವರ್ಷದ ಒಟ್ಟು ಬಾಡಿಗೆ 1 ಲಕ್ಷ ಮೀರಿದರೆ ಅದರಲ್ಲಿ ಮಾಲೀಕರ ಹೆಸರು, ವಿಳಾಸ ಮತ್ತು ಪ್ಯಾನ್ ಬರೆಯಲೇಬೇಕು. ಮಿತಿಯನ್ನು ಒಬ್ಬೊಬ್ಬ ಮಾಲೀಕರಿಗೆ ಬೇರೆ ಬೇರೆಯಾಗಿ ನೋಡುತ್ತಾರೆ ಎಂದು ಅನೇಕರು ತಿಳಿದಿದ್ದಾರೆ, ಹಾಗಿಲ್ಲ. ಒಟ್ಟು ಬಾಡಿಗೆಯನ್ನು ನೋಡುವುದರಿಂದ ನಿಮ್ಮ ಹಳೆಯ ಮಾಲೀಕರ ಪ್ಯಾನ್ ಕೂಡ ಬೇಕು. ಮಾಲೀಕರಿಗೆ ಪ್ಯಾನ್ ಇಲ್ಲವೇ ಇಲ್ಲವೆಂದಾದರೆ ಹೆಸರು, ವಿಳಾಸ ಸಹಿತ ಹಾಗೆಂದು ಅವರೇ ಬರೆದುಕೊಡುವ ಘೋಷಣೆ ಸಾಕು. ಇದ್ದೂ ಕೊಡದವರಿಂದ ‘ನನಗೆ ಪ್ಯಾನ್ ಇಲ್ಲ’ ಎಂದು ಬರೆಸಿಕೊಳ್ಳುವುದು ಸುಳ್ಳು ಘೋಷಣೆಯಾಗುತ್ತದೆ, ಅದಕ್ಕೆ ಹೋಗಬೇಡಿ. ಗೆಳೆಯರ ಅಥವಾ ನೆಂಟರ ಪ್ಯಾನ್ ತುಂಬಿಸುವುದು ಅದಕ್ಕಿಂತ ಅಪಾಯಕಾರಿ, ಏಕೆಂದರೆ ತಪ್ಪು ಮಾಹಿತಿ ಕೊಟ್ಟು ಆದಾಯ ಕಡಿಮೆ ತೋರಿಸಿದರೆ 270ಎ ಸೆಕ್ಷನ್ ಅಡಿಯಲ್ಲಿ ಆ ತೆರಿಗೆಯ ಎರಡು ಪಟ್ಟು ದಂಡ ಬೀಳಬಹುದು.

ಮಾಲೀಕರ ಭಯ ಹೆಚ್ಚಾಗಿ ಅಂದಾಜಿನ ಭಯ. ಅವರ ಮುಂದೆ ಕಾಗದ ಹಿಡಿದು ಕುಳಿತು ಲೆಕ್ಕ ತೋರಿಸುವುದು ನನ್ನ ಅನುಭವದಲ್ಲಿ ವಾದಕ್ಕಿಂತ ಹೆಚ್ಚು ಕೆಲಸ ಮಾಡಿದೆ. ಪೂರ್ತಿ ವರ್ಷಕ್ಕೆ ಹಿಡಿದರೂ 40,000ದಂತೆ ಬಾಡಿಗೆ 4,80,000. ಕಟ್ಟಿದ ಆಸ್ತಿ ತೆರಿಗೆಯನ್ನು ಕಳೆದು, ಉಳಿದದ್ದರಲ್ಲಿ ಶೇ 30ನ್ನು ದುರಸ್ತಿಯ ರಸೀದಿಗಳಿಲ್ಲದೆಯೇ ಕಡಿತ ಮಾಡಿಕೊಳ್ಳಬಹುದು. ಆಸ್ತಿ ತೆರಿಗೆಯನ್ನು ಬಿಟ್ಟರೂ ತೆರಿಗೆಗೆ ಒಳಪಡುವುದು 3,36,000 ಮಾತ್ರ. 2025-26ರಲ್ಲಿ ಹೊಸ ಪದ್ಧತಿಯಲ್ಲಿ ಒಟ್ಟು ಆದಾಯ 12 ಲಕ್ಷ ದಾಟದ ನಿವಾಸಿಗೆ, ಬಂಡವಾಳ ಲಾಭದಂಥ ವಿಶೇಷ ದರದ ಆದಾಯ ಇಲ್ಲದಿದ್ದರೆ, ರಿಬೇಟ್‌ನಿಂದಾಗಿ ತೆರಿಗೆಯೇ ಬರುವುದಿಲ್ಲ. ನಿಮ್ಮ ಮಾಲೀಕರು ಪಿಂಚಣಿ ಪಡೆಯುವ ಹಿರಿಯರಾಗಿದ್ದರೆ ಈ ಮಿತಿಯೊಳಗೇ ಇರುವ ಸಾಧ್ಯತೆ ಇದೆ.

ಮಗನ ಖಾತೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ದಾಖಲೆ ಪರಿಶೀಲಿಸುವವರು ಕರಾರು, ರಸೀದಿ ಮತ್ತು ಬ್ಯಾಂಕ್ ವಿವರ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಕರಾರಿನಲ್ಲಿ ತಂದೆ, ಖಾತೆಯಲ್ಲಿ ಮಗ ಎಂದು ಕಂಡರೆ ಅಲ್ಲಿಯೇ ತಡೆಯುತ್ತಾರೆ. ‘ಇಂಥ ಮನೆಯ ಬಾಡಿಗೆಯನ್ನು ನನ್ನ ಪರವಾಗಿ ನನ್ನ ಮಗನ ಇಂಥ ಖಾತೆಗೆ ಪಡೆಯುತ್ತಿದ್ದೇನೆ’ ಎಂದು ಮಾಲೀಕರಿಂದ ಒಂದು ಸಹಿ ಮಾಡಿದ ಪತ್ರ ಪಡೆದು ಕರಾರಿನ ಪ್ರತಿಯ ಜೊತೆ ಇಡಿ. ರಸೀದಿಗೆ ಸಹಿ ಮಾಡಬೇಕಾದವರು ಮಾಲೀಕರೇ, ಅದರಲ್ಲಿರಬೇಕಾದ ಪ್ಯಾನ್ ಕೂಡ ಅವರದೇ. ಪ್ರತಿ ರಸೀದಿಯಲ್ಲಿ ನಿಮ್ಮ ಹೆಸರು, ಯಾವ ತಿಂಗಳ ಬಾಡಿಗೆ, ಮೊತ್ತ ಮತ್ತು ಮನೆಯ ಪೂರ್ಣ ವಿಳಾಸ ಇರಲಿ. 5,000 ಮೀರಿದ ಮೊತ್ತವನ್ನು ನಗದಾಗಿ ಕೊಟ್ಟಿದ್ದರೆ 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಹಚ್ಚಿ ಅದರ ಮೇಲೆ ಸಹಿ ಹಾಕಿಸಬೇಕು.

ಹಳೆಯ ಮನೆಯ ದಾಖಲೆಯಲ್ಲಿಯೂ ಒಂದು ಕೊಂಡಿ ಕಳಚಿರಬಹುದು. ಬೆಂಗಳೂರಿನಲ್ಲಿ ಮನೆ ಬಿಡುವಾಗ ಕೊನೆಯ ಒಂದೆರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುವುದು ರೂಢಿ. ಆಗ ಆ ತಿಂಗಳುಗಳಲ್ಲಿ ಬ್ಯಾಂಕ್ ವರ್ಗಾವಣೆ ಕಾಣಿಸುವುದಿಲ್ಲ. ಅದು ಬಾಡಿಗೆಯೇ ಆದ್ದರಿಂದ ರಸೀದಿಯಲ್ಲಿ ‘ಅಡ್ವಾನ್ಸ್‌ನಲ್ಲಿ ಹೊಂದಿಸಲಾಗಿದೆ’ ಎಂದು ಬರೆಸಿಕೊಳ್ಳಿ. ಬಣ್ಣದ ಖರ್ಚೆಂದು ಹಿಡಿದುಕೊಂಡ ಹಣ ಮಾತ್ರ ಬಾಡಿಗೆಯಲ್ಲ. ಹಾಗೆಯೇ ಭೋಗ್ಯಕ್ಕೆ ಮನೆ ಹಿಡಿದು ದೊಡ್ಡ ಮೊತ್ತ ಕೊಟ್ಟು ತಿಂಗಳ ಬಾಡಿಗೆಯಿಲ್ಲದೆ ಇರುವವರಿಗೆ ಎಚ್‌ಆರ್‌ಎ ವಿನಾಯಿತಿ ಇಲ್ಲ. ಈ ಅಂಕಣಕ್ಕೆ ಆ ಪ್ರಶ್ನೆಯೂ ಆಗಾಗ ಬರುತ್ತಿರುತ್ತದೆ.

ಇಷ್ಟೆಲ್ಲ ಆದ ಮೇಲೂ ಮಾಲೀಕರು ಮಣಿಯದಿದ್ದರೆ ಕಂಪನಿಯವರು ಆ ಆರು ತಿಂಗಳ ವಿನಾಯಿತಿಯನ್ನು ಬಿಟ್ಟು ಉಳಿದ ತಿಂಗಳುಗಳ ಸಂಬಳದಲ್ಲಿ ಹೆಚ್ಚು ತೆರಿಗೆ ಹಿಡಿಯುತ್ತಾರೆ. ಅವರನ್ನು ದೂಷಿಸಲಾಗದು, ನಿಯಮ ಅವರ ಕೈ ಕಟ್ಟಿದೆ. ಆದರೆ ಸೆಕ್ಷನ್ 10(13ಎ) ಕೇಳುವುದು ಮನೆ ನಿಮ್ಮದಾಗಿರಬಾರದು ಮತ್ತು ಬಾಡಿಗೆಯನ್ನು ನಿಜವಾಗಿ ಕೊಟ್ಟಿರಬೇಕು ಎಂದಷ್ಟೇ. ಮಾಲೀಕರ ಪ್ಯಾನ್ ವಿನಾಯಿತಿಯ ಷರತ್ತಲ್ಲ. ಆದ್ದರಿಂದ ಗಡುವಿನೊಳಗೆ ರಿಟರ್ನ್ ಸಲ್ಲಿಸುವಾಗ ಹಳೆಯ ಪದ್ಧತಿಯನ್ನು ಆರಿಸಿ ಪೂರ್ತಿ 3,03,000ವನ್ನು ಅಲ್ಲಿ ಕೇಳಿ, ಹೆಚ್ಚು ಕಟ್ಟಿದ ತೆರಿಗೆಯನ್ನು ಮರುಪಾವತಿಯಾಗಿ ಪಡೆಯಬಹುದು. ಗಡುವು ದಾಟಿದರೆ ಹಳೆಯ ಪದ್ಧತಿಯೇ ಸಿಗುವುದಿಲ್ಲ, ಅದರೊಂದಿಗೆ ಎಚ್‌ಆರ್‌ಎಯೂ ಹೋಗುತ್ತದೆ.

ಫಾರ್ಮ್ 16ರಲ್ಲಿ ಇಲ್ಲದ ವಿನಾಯಿತಿಯನ್ನು ರಿಟರ್ನ್‌ನಲ್ಲಿ ಕಂಡಾಗ ಇಲಾಖೆ ವಿವರಣೆ ಕೇಳಬಹುದು. ಆಗ ನಿಮ್ಮ ಬ್ಯಾಂಕ್ ವರ್ಗಾವಣೆ, ಕರಾರು, ಮಾಲೀಕರ ಪತ್ರ ಮತ್ತು ಆ ವಿಳಾಸದಲ್ಲಿ ನೀವು ವಾಸವಿದ್ದುದನ್ನು ತೋರಿಸುವ ವಿದ್ಯುತ್, ಗ್ಯಾಸ್ ಬಿಲ್ಲುಗಳೇ ನಿಮ್ಮ ಪರವಾಗಿ ಮಾತನಾಡಬೇಕು. ತಾಯಿಗೆ ನಗದಾಗಿ ಬಾಡಿಗೆ ಕೊಟ್ಟೆನೆಂದು ಹೇಳಿದ ಉದ್ಯೋಗಿಯೊಬ್ಬರ ಬೇಡಿಕೆಯನ್ನು 2017ರಲ್ಲಿ ಮುಂಬೈನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ತಳ್ಳಿಹಾಕಿದ್ದು ಇಂಥ ಪುರಾವೆಗಳು ಇಲ್ಲದ್ದಕ್ಕಾಗಿಯೇ. ಆದ್ದರಿಂದ ಮಾಲೀಕರು ಮುಂದಿನ ತಿಂಗಳಿನಿಂದ ಬಾಡಿಗೆಯನ್ನು ನಗದಾಗಿಯೇ ಕೊಡಿ ಎಂದರೆ, ಪ್ಯಾನ್ ವಿಷಯದಲ್ಲಿ ನೀವು ಬಿಟ್ಟುಕೊಟ್ಟರೂ ಇದರಲ್ಲಿ ಮಾತ್ರ ಒಪ್ಪಬೇಡಿ.